ಚರಗದ ಕೂಗಿಗೆ ಓಗೊಟ್ಟ ಓಣಿ

(ಶಾಲೆಯ ಹಿಂದಿನ ಓಣಿಯ ನಿವಾಸಿಗಳು ಏರ್ಪಡಿಸಿದ್ದ ಬೀಳ್ಕೊಡುಗೆ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



1998ರ ಜೂನ್ ತಿಂಗಳಲ್ಲಿ ನಮ್ಮ ಸಂಸಾರ ಅಕ್ಕಲಕೋಟೆಯ ಈ ಓಣಿಗೆ ಬಾಡಿಗೆಗೆ ಬಂದಿತು. ಈಗ ಸೇವಾನಿವೃತ್ತಿಯ ಹೊತ್ತು. ಭೀಮೆಯ ಆಚೆ, ಇಂಡಿ ತಾಲೂಕಿನ ಹಳ್ಳಿಯಲ್ಲಿ ನಮ್ಮ ವೃದ್ಧ ಅತ್ತೆಯವರು ಒಬ್ಬರೇ ಇದ್ದಾರೆ. ಅವರ ಬಳಿಗೆ ಹೋಗಲೇಬೇಕಾಗಿದೆ. ಹೊಳೆ ದಾಟಿದರೆ ಊರು, ದೂರವೇನಲ್ಲ. ಆದರೂ ಬಂಡಿಗೆ ಸಾಮಾನು ಹೇರುವಾಗ, ಇಲ್ಲಿಂದ ಒಯ್ಯಲಾಗದ ವಸ್ತುಗಳೇ ಹೆಚ್ಚು ಎಂಬುದು ನಮಗೆ ಮನವರಿಕೆಯಾಯಿತು.

ಈ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮನೆಮಾತುಗಳಿವೆ. ಹಬ್ಬಗಳು ಮಾತ್ರ ಗೋಡೆ ನೋಡಿ ಬರಲಿಲ್ಲ. ಅದಕ್ಕೆ ಒಂದು ಕಾರಣ ಪಂಚಾಂಗದಲ್ಲಿಯೇ ಇದೆ. ಕನ್ನಡಿಗರೂ ಮರಾಠಿಗರೂ ಶಾಲಿವಾಹನ ಶಕೆಯನ್ನು ಅನುಸರಿಸುತ್ತಾರೆ. ಇಬ್ಬರಿಗೂ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ. ಹೀಗಾಗಿ ನಮ್ಮ ಯುಗಾದಿಯೂ ಎದುರು ಮನೆಯ ಗುಡಿಪಾಡವಾ ಒಂದೇ ಬೆಳಗು. ನಮ್ಮ ಬೇವು-ಬೆಲ್ಲ ಅವರ ಗುಡಿಯ ಕೆಳಗೆ ಹೋಗುತ್ತಿತ್ತು, ಅವರ ಶ್ರೀಖಂಡ ನಮ್ಮ ತಾಟಿಗೆ ಬರುತ್ತಿತ್ತು. ಬೇರೆಯಾಗುತ್ತಿದ್ದುದು ಎತ್ತುಗಳ ಹಬ್ಬ. ನಮ್ಮವರು ಜ್ಯೇಷ್ಠದ ಕಾರಹುಣ್ಣಿಮೆಗೆ ಎತ್ತು ಸಿಂಗರಿಸಿದರೆ, ಪೋಳಾ ಆಚರಿಸುವ ಮರಾಠಿ ಮನೆಯವರು ಶ್ರಾವಣದ ಅಮಾವಾಸ್ಯೆಗೆ ಸಿಂಗರಿಸುತ್ತಾರೆ. ಅದರಿಂದ ಮಕ್ಕಳಿಗೆ ನಷ್ಟವಾಗಲಿಲ್ಲ. ಹೋಳಿಗೆ ಎರಡು ಸಲ ದೊರೆಯಿತು.

ಆದರೆ ನಮ್ಮನ್ನು ಈ ಓಣಿಯವರನ್ನಾಗಿ ಮಾಡಿದ ಹಬ್ಬ ಎಳ್ಳ ಅಮಾವಾಸ್ಯೆ. ಮಾರ್ಗಶಿರದ ಕೊನೆಯ ದಿನ ಎರೆಹೊಲದಲ್ಲಿ ಹಿಂಗಾರಿ ಜೋಳ ಹೊಡೆ ತುಂಬಿ ನಿಂತಿರುತ್ತದೆ, ಕಡಲೆ ಕಾಯಿ ಕಟ್ಟಿರುತ್ತದೆ. ಬೆಳೆಯನ್ನು ಹೊತ್ತ ಭೂಮಿ ಬಸುರಿ ಹೆಣ್ಣು. ಆಕೆಗೆ ತವರಿನವರಂತೆ ಬಯಕೆಯ ಊಟ ಒಯ್ಯಬೇಕೆಂಬುದು ಈ ಹಬ್ಬದ ಭಾವ. ಹೊಲವಿದ್ದುದು ಮೂಲೆಮನೆಯ ಕಾಕಾ ಅವರೊಬ್ಬರಿಗೆ. ಊಟ ಒಯ್ಯುತ್ತಿದ್ದುದು ಓಣಿಯ 11 ಮನೆಗಳು.

ಯಾರು ಏನು ತರಬೇಕೆಂದು ಯಾರೂ ಬರೆದಿಟ್ಟಿರಲಿಲ್ಲ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಕಾಕಾ ಅವರ ಮನೆಯದು. ಹಸಿಕಡಲೆ, ಅವರೆ, ತೊಗರಿಕಾಳು, ಸೊಪ್ಪು ಎಲ್ಲವನ್ನೂ ಕೂಡಿಸಿ ಬೇಯಿಸುವ ಭಜ್ಜಿ ಎದುರುಮನೆಯ ವಹಿನಿಯವರದು. ಶೇಂಗಾಹೋಳಿಗೆ ಗಿರಣಿ ಆಜಿಯವರದು. ಬಳೆ ಅಂಗಡಿಯ ಭಾಬಿಯವರು ಎಣ್ಣೆಗಾಯಿಗೆ ಎಳೆಯ ಬದನೆಕಾಯಿ ಆರಿಸಿ ತಂದು, ತಾವೇ ಸೀಳಿ ತುಂಬುತ್ತಿದ್ದರು. ಅಂಬಲಿಯ ಗಡಿಗೆ ಮಾತ್ರ ನಮ್ಮ ಪಾಲಿಗೆ ಬಂದಿತ್ತು.

ಹೊಲದಲ್ಲಿ ಜೋಳದ ದಂಟಿನಿಂದ ಸಣ್ಣ ಗುಡಿಸಲಿನಂತೆ ಕಟ್ಟಿ, ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸುವುದು ಮೊದಲು. ಆಮೇಲೆ ಎಲ್ಲ ಅಡಿಗೆಯನ್ನೂ ಕಲಸಿ ಹೊಲದ ಸುತ್ತ ಚರಗ ಚೆಲ್ಲುವುದು. ಮುಂದೆ ನಡೆಯುವವರು ಚರಗ ಚೆಲ್ಲುತ್ತ 'ಹುಲ್ಲುಲ್ಲಿಗೋ' ಎಂದು ಕೂಗಬೇಕು. ಹಿಂದೆ ನೀರು ಚಿಮುಕಿಸುತ್ತ ಬರುವವರು 'ಸಲಾಂಬ್ರಿಗೋ' ಎಂದು ಓಗೊಡಬೇಕು. ಈ ಕೂಗು ಊರಿಂದೂರಿಗೆ ಸ್ವಲ್ಪ ಬದಲಾಗುತ್ತದೆ. ಲಾತೂರು, ಧಾರಾಶಿವ ಕಡೆಯ ಮರಾಠಿ ರೈತರೂ ಈ ದಿನವನ್ನು 'ವೇಳ ಅಮಾವಾಸ್ಯಾ' ಎಂದು ಆಚರಿಸಿ, 'ಓಲಗೆ' ಎಂಬಂಥ ಕೂಗು ಹಾಕುತ್ತಾರೆ. ಮರಾಠಿಯಲ್ಲಿ ಆ ಕೂಗಿಗೆ ಅರ್ಥ ಹುಡುಕಿದರೆ ಸಿಗದು. ಕನ್ನಡದ ಕೂಗಿನ ಪಕ್ಕದಲ್ಲಿಟ್ಟರೆ ನಂಟು ತಿಳಿಯುತ್ತದೆ. ಮಾತು ಬೇರೆಯಾದ ಮೇಲೂ ಹೊಲ ಹಳೆಯ ಮಾತನ್ನು ಮರೆತಿಲ್ಲ.

2018ರಲ್ಲಿ ಹಿಂಗಾರಿ ಮಳೆ ಕೈಕೊಟ್ಟಿತು. ಈ ಜೋಳ ಬೆಳೆಯುವುದು ಚಳಿಗಾಲದ ಮಳೆಯಿಂದಲ್ಲ. ಉತ್ತರಿ, ಹಸ್ತ ಮಳೆಗಳು ಎರೆಮಣ್ಣಿನ ಒಡಲಲ್ಲಿ ಇಟ್ಟುಹೋದ ತೇವದಿಂದ. ಆ ತೇವವೇ ಇರಲಿಲ್ಲ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಕಾಕಾ ಅವರ ಜೋಳ ಮೊಳಕಾಲೆತ್ತರಕ್ಕೆ ನಿಂತು ಒಣಗಿತ್ತು, ಹೊಡೆ ಬಿಚ್ಚಿರಲಿಲ್ಲ. ಈ ಸಲ ಚರಗ ಬೇಡವೆಂದು ಓಣಿಯಲ್ಲಿ ಮಾತು ನಡೆಯಿತು. ಬೆಳೆಯೇ ಇಲ್ಲದ ಹೊಲಕ್ಕೆ ಅನ್ನ ಚೆಲ್ಲುವುದು ಹೇಗೆಂದು ಕಿರಿಯರು ಕೇಳಿದರು. ಆಗ ಕಾಕಾ ಹೇಳಿದ ಮಾತು ನಮ್ಮ ಕಿವಿಯಲ್ಲಿ ಇಂದಿಗೂ ಇದೆ: "ಹೊಟ್ಟಿ ತುಂಬಿದಾಗಷ್ಟ ತವರವರು ಬರಬೇಕೇನ್ರಿ? ಬರಿದಾದಾಗೂ ಬರಬೇಕ."

ಅಂದು ಭಜ್ಜಿಯ ಕಾಳನ್ನು ಪೇಟೆಯಿಂದ ತರಬೇಕಾಯಿತು. ಕೊಂಡ ಕಾಳು 11 ಮನೆಗೆ ಸಾಲದೆಂದು ವಹಿನಿಯವರು ಸೊಪ್ಪು ಹೆಚ್ಚಿಸಿದರು. ಭಾಬಿಯವರು ಕರೆಯದೆಯೇ ಎರಡು ಸೇರು ಕಡಲೆಬೇಳೆ ತಂದಿಟ್ಟರು. ಒಣಗಿದ ಸಾಲುಗಳ ನಡುವೆ ಕೂಗುತ್ತ ನಡೆದಾಗ ಕಾಕಾ ಅವರ ದನಿ ಅರ್ಧಕ್ಕೇ ನಿಂತಿತು. ಹಿಂದಿನಿಂದ ಓಗೊಡಬೇಕಾಗಿದ್ದ ಮಕ್ಕಳು, ಮರಾಠಿ ಶಾಲೆಯವರೂ ಉರ್ದು ಶಾಲೆಯವರೂ ಸೇರಿ, ಮುಂದಿನ ಕೂಗನ್ನು ತಾವೇ ಕೂಗಿ ಸುತ್ತು ಮುಗಿಸಿದರು. ಓಣಿಯ ಸ್ನೇಹವೆಂದರೇನೆಂದು ಯಾರಾದರೂ ಕೇಳಿದರೆ ನಾವು ಈ ಸುತ್ತನ್ನೇ ತೋರಿಸುತ್ತೇವೆ.

ಈಗ ಅಂಬಲಿಯ ಗಡಿಗೆಯ ಮಾತು. ಅದನ್ನು ವಹಿನಿಯವರಿಗೆ ಒಪ್ಪಿಸುತ್ತಿದ್ದೇವೆ. ವಹಿನಿ, ಕ್ರಮ ನಿಮಗೆ ಗೊತ್ತೇ ಇದೆ, ಸೊಸೆಯಂದಿರಿಗಾಗಿ ಹೇಳುತ್ತೇವೆ. ಜೋಳದ ಹಿಟ್ಟನ್ನು ಗಂಟಿಲ್ಲದಂತೆ ತಣ್ಣೀರಿನಲ್ಲಿ ಕದಡಿ, ಕುದಿಯುವ ನೀರಿಗೆ ಸುರಿದು, ತಳ ಹತ್ತದಂತೆ ಕೈಯಾಡಿಸುತ್ತ ತೆಳ್ಳಗೆ ಕುದಿಸಬೇಕು. ಪೂರ್ತಿ ಆರಿದ ಮೇಲೆಯೇ ಮಜ್ಜಿಗೆ ಬೆರೆಸಬೇಕು. ಬಿಸಿಗೆ ಬೆರೆಸಿದರೆ ಮಜ್ಜಿಗೆ ಒಡೆದು ನೀರು ಬೇರೆ, ಗಸಿ ಬೇರೆಯಾಗುತ್ತದೆ. ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ರಾತ್ರಿಯಿಡೀ ಮಣ್ಣಿನ ಗಡಿಗೆಯಲ್ಲಿಡಬೇಕು. ಹಿತ್ತಾಳೆಯ ಪಾತ್ರೆ ಬೇಡ, ಹುಳಿಗೆ ಕಿಲುಬುತ್ತದೆ. ಬೆಳಿಗ್ಗೆ ಹದವಾದ ಹುಳಿ ಮೂಗಿಗೆ ಬಂದರೆ ಸರಿ. ಕಟುವಾಗಿದ್ದರೆ ಹೊಸ ಮಜ್ಜಿಗೆ ಬೆರೆಸಿ.

ಗಡಿಗೆಯನ್ನು ಒಪ್ಪಿಸಬಹುದು, ಕೂಗನ್ನು ಒಪ್ಪಿಸುವುದು ಅಷ್ಟು ಸುಲಭವಲ್ಲ. ಕಾಕಾ ಅವರಿಗೆ ಈಗ ಸಾಲು ದಾಟಿ ನಡೆಯಲಾಗದು. ಅವರ ಬಳಿಕ ಮುಂದೆ ನಿಂತು ಕೂಗುತ್ತಿದ್ದವರು ನಮ್ಮ ಯಜಮಾನರು; ಅವರೂ ನಮ್ಮೊಡನೆ ಹೊರಟಿದ್ದಾರೆ. ನಾವು ಬಂದಾಗ ಈ ಓಣಿಯ 7 ಮನೆಗಳ ಮಕ್ಕಳು ನಮ್ಮ ಕನ್ನಡ ಶಾಲೆಗೆ ಬರುತ್ತಿದ್ದರು; ಇಂದು 2 ಮನೆಯವರು ಮಾತ್ರ. ಯಾರ ಆಯ್ಕೆಯನ್ನೂ ನಾವು ದೂರುವುದಿಲ್ಲ. ತಂದೆತಾಯಿಗಳಿಗೆ ತಮ್ಮ ಮಕ್ಕಳ ಹೊಟ್ಟೆಪಾಡಿನ ಚಿಂತೆ ಇದ್ದೇ ಇರುತ್ತದೆ.

ನಮ್ಮ ಬೇಡಿಕೆ ಒಂದೇ. ಬರುವ ಎಳ್ಳ ಅಮಾವಾಸ್ಯೆಗೆ ಮುಂದಿನ ಕೂಗನ್ನು ಆ ಎರಡು ಮನೆಗಳ ಮಕ್ಕಳಿಂದ ಕೂಗಿಸಿರಿ. ಉಳಿದ ಮಕ್ಕಳು ಎಂದಿನಂತೆ ಹಿಂದಿನಿಂದ ಓಗೊಡಲಿ. ಮನೆಗೆ ಬಂದ ಮೇಲೆ ಆ ಕೂಗಿನ ಅರ್ಥವನ್ನು ಕನ್ನಡದ ಮಗು ಮರಾಠಿಯ ಮಗುವಿಗೆ ತಿಳಿದಷ್ಟು ಹೇಳಲಿ. ಶಾಲೆಯಲ್ಲಿ ನಾವು ಕಲಿಸಿದ ಕನ್ನಡಕ್ಕೆ ಓಣಿಯಲ್ಲಿ ಒಂದು ಕೆಲಸ ಉಳಿಯುತ್ತದೆ.

ಅಂದು ನಾವು ಭೀಮೆಯ ಆಚೆ ನಮ್ಮ ಹೊಲದಲ್ಲಿರುತ್ತೇವೆ, ಅಲ್ಲಿಯೂ ಅದೇ ದಿನ ಅದೇ ಕೂಗು. ಚರಗ ಮುಗಿದ ಮೇಲೆ ಒಂದು ಫೋನು ಮಾಡಿ, ಹೊಲ ಹೇಗಿದೆಯೆಂದು ಹೇಳಿರಿ. ಇಷ್ಟು ವರ್ಷ ನಮ್ಮನ್ನು ಬಾಡಿಗೆಯವರೆಂದು ಒಮ್ಮೆಯೂ ಕರೆಯದ ನಿಮ್ಮೆಲ್ಲರಿಗೂ ನಮ್ಮ ಶರಣು.