ತೇರ್ಗಡೆ ಏರಿತು, ಸರಾಸರಿ ಇಳಿಯಿತು



ಜಮಖಂಡಿ ಸೀಮೆಯ ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯನಾದ ನನಗೆ ಪಾಲಕರ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದ ಪ್ರಶ್ನೆಯೇ ಇಂದಿನ ಭಾಷಣದ ವಿಷಯ. "ಸರ, ಪಾಸಾದವರು ಹೆಚ್ಚು ಅಂತೀರಿ, ಸರಾಸರಿ ಮಾರ್ಕು ಕಡಿಮಿ ಅಂತೀರಿ. ಎರಡರೊಳಗ ಒಂದು ಸುಳ್ಳಿರಬೇಕಲ್ಲರಿ?" ಎಂದರು ಅವರು. ಎರಡೂ ನಿಜ. ಅದು ಹೇಗೆಂಬುದನ್ನು ತಮ್ಮ ಮುಂದೆ ಬಿಡಿಸಿ ಇಡುತ್ತೇನೆ. ಹತ್ತಿರ ಕಾಗದ, ಪೆನ್ಸಿಲು ಇದ್ದರೆ ಒಳ್ಳೆಯದು.

ಮುಧೋಳದ ಕಬ್ಬಿನ ರೈತರಿಗೆ ಇದು ಹೊಸ ಮಾತಲ್ಲ. ಕಾರ್ಖಾನೆಗೆ ಹೋದ ಕಬ್ಬಿನ ತೂಕ ಒಂದು ಲೆಕ್ಕ. ಅದರಿಂದ ಇಳಿದ ಸಕ್ಕರೆ ಇನ್ನೊಂದು ಲೆಕ್ಕ. ಒಂದು ಏರಿದ ವರ್ಷ ಇನ್ನೊಂದು ಇಳಿಯಬಹುದು. ತೇರ್ಗಡೆಯ ಶೇಕಡಾವಾರು ಕೇಳುವುದು ಒಂದೇ ಮಾತು: ಮಗು ಹೊಸ್ತಿಲು ದಾಟಿತೇ, ಇಲ್ಲವೇ? ದಾಟಿದ ಮೇಲೆ ಪಡಸಾಲೆಯಲ್ಲಿ ನಿಂತಿತೋ, ನಡುಮನೆಗೆ ಬಂದಿತೋ ಅದಕ್ಕೆ ಬೇಕಿಲ್ಲ. ಸರಾಸರಿಯಾದರೋ ಪ್ರತಿಯೊಂದು ಮಗುವಿನ ಪ್ರತಿಯೊಂದು ಅಂಕವನ್ನೂ ಎಣಿಸುತ್ತದೆ.

ಲೆಕ್ಕಕ್ಕೆಂದು ಹತ್ತೇ ಮಕ್ಕಳ ಒಂದು ತರಗತಿಯನ್ನು ಕಲ್ಪಿಸಿಕೊಳ್ಳೋಣ. ವಿಷಯ ಗಣಿತ, ನೂರು ಅಂಕ, ತೇರ್ಗಡೆಗೆ 35. ಮೊದಲ ವರ್ಷದ ಅಂಕಗಳು ಮೇಲಿನಿಂದ ಹೀಗಿವೆ: 92, 85, 78, 70, 62, 50, 33, 31, 28, 21. ಕೂಡಿದರೆ 550, ಸರಾಸರಿ 55. ತೇರ್ಗಡೆಯಾದವರು ಆರು ಜನ. ಮರುವರ್ಷ ಬೇರೆ ಹತ್ತು ಮಕ್ಕಳು: 80, 72, 66, 60, 54, 45, 38, 37, 36, 22. ಕೂಡಿದರೆ 510, ಸರಾಸರಿ 51. ತೇರ್ಗಡೆಯಾದವರು ಒಂಬತ್ತು ಜನ! ನೂರಕ್ಕೆ 60 ಇದ್ದದ್ದು 90 ಆಯಿತು, ಸರಾಸರಿ ಮಾತ್ರ ನಾಲ್ಕು ಅಂಕ ಕುಸಿಯಿತು.

ಎರಡು ಸಾಲುಗಳನ್ನು ಒಂದರ ಕೆಳಗೊಂದು ಬರೆದು ನೋಡಿರಿ. ಹೊಸ್ತಿಲ ಹೊರಗಿದ್ದ ಮೂರು ಸ್ಥಾನಗಳು ಏರಿದ್ದು ಐದು, ಆರು, ಎಂಟು, ಒಟ್ಟು 19 ಅಂಕ. ಕೊನೆಯ ಸ್ಥಾನ ಏರಿದ್ದು ಒಂದೇ ಅಂಕ. ಮೇಲಿನ ಆರು ಸ್ಥಾನಗಳು ಕಳೆದುಕೊಂಡದ್ದು 60 ಅಂಕ. ಸ್ವಲ್ಪವೇ ಏರಿದವರು ಹೊಸ್ತಿಲಿಗೆ ತೀರ ಹತ್ತಿರವಿದ್ದರು. ಆದ್ದರಿಂದ ಅವರ ಏರಿಕೆ ಇಡೀ ಊರಿಗೆ ಕಂಡಿತು. ಬಹಳ ಇಳಿದವರು ಹೊಸ್ತಿಲಿನಿಂದ ದೂರ, ಒಳಗೆ ಇದ್ದರು. ಅವರ ಇಳಿಕೆ ಯಾರಿಗೂ ಕಾಣಲಿಲ್ಲ.

ಇಂಥದು ಏಕೆ ಆಗುತ್ತದೆ? ನಮ್ಮ ಭಾಗದಲ್ಲಿ ಕಬ್ಬು ಕಡಿಯುವ ಸುಗ್ಗಿಯೂ ಹತ್ತನೆಯ ತರಗತಿಯ ಮುಖ್ಯವಾದ ತಿಂಗಳುಗಳೂ ಒಟ್ಟಿಗೇ ಬರುತ್ತವೆ. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಮಗು ಶಾಲೆಯಿಂದ ಬಂದೊಡನೆ ಕಂಡಿಕೆ ಸುತ್ತಲು ಕುಳಿತುಕೊಳ್ಳುತ್ತದೆ. ಜನವರಿಯ ಹೊತ್ತಿಗೆ ಗಣಿತದ ಶಿಕ್ಷಕರ ಬಳಿ ಉಳಿದಿರುವುದು ಬೆರಳೆಣಿಕೆಯ ವಾರಗಳು. ಆಗ ಅವರು ಮಾಡುವ ಏರ್ಪಾಡಿಗೆ ಶಿಕ್ಷಕರ ಬಳಗದಲ್ಲಿ 'ಪಾಸಿಂಗ್ ಪ್ಯಾಕೇಜ್' ಎಂದೇ ಹೆಸರು. ಎರಡು ಸರಳ ಸಮೀಕರಣಗಳನ್ನು ನಕ್ಷೆ ಎಳೆದು ಬಿಡಿಸುವುದು, ಥೇಲ್ಸನ ಪ್ರಮೇಯದ ಸಾಧನೆ, ಕೋಷ್ಟಕದಿಂದ ಸರಾಸರಿ ಮತ್ತು ಮಧ್ಯಾಂಕ ಕಂಡುಹಿಡಿಯುವುದು ಇವೇ ಮುಂತಾದ, ತಪ್ಪದೆ ಬರುವಂಥ ಕೆಲವೇ ಪ್ರಶ್ನೆಗಳನ್ನು ಆರಿಸಿ, ಕೈಗೆ ಕೂಡುವ ತನಕ ಬರೆಯಿಸುತ್ತಾರೆ. 28 ಬರುತ್ತಿದ್ದ ಮಗು 36ಕ್ಕೆ ಏರುವುದು ಹೀಗೆ. ಆದರೆ ಅದೇ ಕೋಣೆಯಲ್ಲಿ, ಅದೇ ಗಂಟೆಯಲ್ಲಿ, 92 ತರಬಲ್ಲ ಹುಡುಗಿಯೂ ಥೇಲ್ಸನ ಪ್ರಮೇಯವನ್ನು ಹತ್ತನೆಯ ಸಲ ಬರೆಯುತ್ತಾಳೆ. ತ್ರಿಕೋನಮಿತಿಯ ಕಠಿಣ ಲೆಕ್ಕಗಳು, ಯೋಚಿಸಿ ಬಿಡಿಸಬೇಕಾದ ನಾಲ್ಕೈದು ಅಂಕಗಳ ಪ್ರಶ್ನೆಗಳು ಅವಳಿಗೆ ಅಭ್ಯಾಸವಾಗದೆ ಉಳಿಯುತ್ತವೆ.

ನಾವು ಈ ದಾರಿಯನ್ನು ತಿಳಿದೇ ಆರಿಸಿಕೊಂಡೆವು. ಅನುತ್ತೀರ್ಣಳಾದ ಹುಡುಗಿಯ ಪುಸ್ತಕಗಳು ಅಟ್ಟ ಸೇರುತ್ತವೆ, ಮದುವೆಯ ಮಾತು ಮನೆಗೆ ಬರುತ್ತದೆ; ಉತ್ತೀರ್ಣಳಾದವಳು 36 ಬಂದಿದ್ದರೂ ಕಾಲೇಜಿನ ಬಾಗಿಲಿಗೆ ಹೋಗುತ್ತಾಳೆ. ಆದರೆ 92ರಿಂದ 80ಕ್ಕೆ ಇಳಿದ ಸ್ಥಾನದಲ್ಲಿಯೂ ಒಂದು ಮಗುವಿದೆ. ವಿಜ್ಞಾನ ವಿಭಾಗದ ಸೀಟಿಗಾಗಿ ದೊಡ್ಡ ಊರಿನ ಮಕ್ಕಳೊಡನೆ ಅದು ನಿಲ್ಲಬೇಕು. ಆ 12 ಅಂಕಗಳನ್ನು ತೆತ್ತದ್ದು ಅದೇ ಹೊರತು ಶಾಲೆಯಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಹಳ ಜನ ಎಡವುವುದು ಇಲ್ಲಿಯೇ. ಸರಾಸರಿ ಎಂದೊಡನೆ, ಯಾರ ಸರಾಸರಿ ಎಂದು ಕೇಳಬೇಕು. ಕೆಲವು ಶಾಲೆಗಳು ತೇರ್ಗಡೆಯಾದವರ ಸರಾಸರಿಯನ್ನಷ್ಟೇ ಫಲಕದ ಮೇಲೆ ಬರೆಯುತ್ತವೆ. ನಮ್ಮ ಹತ್ತು ಮಕ್ಕಳ ಮೊದಲ ಪಟ್ಟಿಯನ್ನೇ ತೆಗೆದುಕೊಳ್ಳಿರಿ. ಮೇಲಿನ ಆರು ಜನರ ಒಂದು ಅಂಕವೂ ಕಡಿಮೆಯಾಗದೆ, ಮೂವರು ಮಾತ್ರ 38, 37, 36ಕ್ಕೆ ಏರಿದರೆಂದು ಭಾವಿಸಿರಿ. ಯಾರಿಗೂ ನಷ್ಟವಿಲ್ಲ, ಇಡೀ ತರಗತಿಯ ಸರಾಸರಿ 55ರಿಂದ ಸುಮಾರು 57ಕ್ಕೆ ಏರುತ್ತದೆ. ಆದರೂ ತೇರ್ಗಡೆಯಾದವರ ಸರಾಸರಿ ಸುಮಾರು 73 ಇದ್ದದ್ದು 61ಕ್ಕೆ ಬೀಳುತ್ತದೆ! ಕಡಿಮೆ ಅಂಕದ ಮೂವರು ಹೊಸದಾಗಿ ಆ ಗುಂಪಿಗೆ ಸೇರಿದ್ದೇ ಕಾರಣ. ಈ ಇಳಿಕೆ ಬರಿಯ ಎಣಿಕೆಯ ಆಟ, ಇದಕ್ಕೆ ಮರುಗಬೇಕಾಗಿಲ್ಲ. ನಮ್ಮ ಎರಡನೆಯ ಪಟ್ಟಿಯ ಇಳಿಕೆ ಹಾಗಲ್ಲ. ಅದು ನಿಜವಾದ ನಷ್ಟ.

ಎರಡನ್ನೂ ಬೇರೆ ಮಾಡಿ ನೋಡುವ ಬಗೆ ಸುಲಭ. ಎರಡು ವರ್ಷದ ಅಂಕಗಳನ್ನು ಇಳಿಕೆಯ ಕ್ರಮದಲ್ಲಿ ಬರೆಯಿಸಿ, 60 ಮತ್ತು ಅದಕ್ಕೂ ಹೆಚ್ಚು ಬಂದವರೆಷ್ಟೆಂದು ಎಣಿಸಿರಿ. ನಮ್ಮ ಉದಾಹರಣೆಯಲ್ಲಿ ಮೊದಲ ವರ್ಷ ಐವರು, ಮರುವರ್ಷ ನಾಲ್ವರು. ಆಮೇಲೆ 35ರಿಂದ 40ರ ನಡುವೆ ಎಷ್ಟು ಜನ ಒತ್ತೊತ್ತಾಗಿ ನಿಂತಿದ್ದಾರೆಂದು ನೋಡಿರಿ. ಮೊದಲು ಒಬ್ಬರೂ ಇಲ್ಲ, ಆಮೇಲೆ ಮೂವರು. ಹೊಸ್ತಿಲ ಬಳಿ ನೂಕುನುಗ್ಗಲು, ಒಳಮನೆ ಖಾಲಿ ಎಂದರೆ ಪಾಠವೆಲ್ಲ ಹೊಸ್ತಿಲಿಗಾಗಿಯೇ ನಡೆದಿದೆ ಎಂದು ತಿಳಿಯಬೇಕು.

ಹೊಸ್ತಿಲನ್ನೇ ತಗ್ಗಿಸಿದರೆ? ಅದೂ ಆಗಿದೆ. 2024ರ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯಲ್ಲಿ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ್ದರು. ಹಾಗಿದ್ದೂ ರಾಜ್ಯದ ಫಲಿತಾಂಶ 73.40. 2025ರಲ್ಲಿ ಆ ಹೆಚ್ಚಿನ ಕೃಪಾಂಕ ಇರಲಿಲ್ಲ. ಮೊದಲನೆಯ ಪರೀಕ್ಷೆಯ ಫಲಿತಾಂಶ 66.14. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಮಕ್ಕಳು ದಡ್ಡರಾದರೆನ್ನುವುದು ನ್ಯಾಯವಲ್ಲ. 2025ರ ಅಕ್ಟೋಬರಿನಲ್ಲಿ ಸರ್ಕಾರ ಇನ್ನೊಂದು ನಿಯಮವನ್ನು ಪ್ರಕಟಿಸಿತು: ಪ್ರತಿ ವಿಷಯದಲ್ಲಿ ಕನಿಷ್ಠ 30, ಒಟ್ಟು 625ಕ್ಕೆ 206, ಅಂದರೆ ಶೇಕಡಾ 33 ಬಂದರೆ ತೇರ್ಗಡೆ. ನಮ್ಮ ಮೊದಲ ಪಟ್ಟಿಗೆ ಈ 30ರ ಗೆರೆ ಹಾಕಿ ನೋಡಿರಿ. 33 ಬಂದವನೂ 31 ಬಂದವನೂ ಒಳಗಾಗುತ್ತಾರೆ; ಗಣಿತದಲ್ಲಿ ಗೆದ್ದವರು ಆರರಿಂದ ಎಂಟಾಗುತ್ತಾರೆ. ಸರಾಸರಿ ಅದೇ 55. ಒಬ್ಬರೂ ಒಂದು ಲೆಕ್ಕವನ್ನೂ ಹೆಚ್ಚಿಗೆ ಕಲಿತಿಲ್ಲ. ಆದ್ದರಿಂದ ವರ್ಷ ವರ್ಷದ ಫಲಿತಾಂಶವನ್ನು ಹೋಲಿಸುವ ಮೊದಲು ಆ ವರ್ಷದ ಗೆರೆ ಎಲ್ಲಿತ್ತೆಂದು ಕೇಳಬೇಕು.

ಇನ್ನು ಮೇಲಿನ ಸ್ಥಾನದ ಮಕ್ಕಳ ಮಾತು. ಜನವರಿಯಲ್ಲಿ ಅವರಿಗೆ ಬೇರೆ ವೇಳೆ ಹುಡುಕುವುದು ಆಗದ ಕೆಲಸ, ಶಿಕ್ಷಕರು ಒಬ್ಬರೇ. ಆದ್ದರಿಂದ ಕಬ್ಬಿನ ಹಂಗಾಮು ಶುರುವಾಗುವ ಮುಂಚೆ, ಜೂನಿನಿಂದ ಸೆಪ್ಟೆಂಬರಿನವರೆಗೆ, ವಾರಕ್ಕೆ ಎರಡು ದಿನ ಸಂಜೆ ಕಠಿಣ ಲೆಕ್ಕಗಳಿಗಾಗಿಯೇ ಒಂದು ತಾಸು ಇಟ್ಟಿದ್ದೇವೆ. ಹೊಸ್ತಿಲ ಮಕ್ಕಳ ತಾಸು ಡಿಸೆಂಬರಿನಿಂದ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. 80 ಬಂದ ಹುಡುಗಿಯೂ ಮತ್ತೆ ಕುಳಿತುಕೊಳ್ಳಬಹುದು. ಸಂಜೆಯ ಆ ತಾಸಿಗೆ ಬೀಳಗಿಯ ಕಡೆಯ ಹಳ್ಳಿಗಳ ಮಕ್ಕಳು ನಿಲ್ಲಬೇಕಾದರೆ ಕೊನೆಯ ಬಸ್ಸು ತಪ್ಪುತ್ತದೆ. ಆ ಮಕ್ಕಳ ತಾಸನ್ನು ಬೆಳಗಿನ ಪ್ರಾರ್ಥನೆಗೆ ಮೊದಲು ಇಟ್ಟುಕೊಂಡಿದ್ದೇವೆ.