ಓಟಗಾರರ ಬಾಟಲಿಯಲ್ಲಿ ಏನಿರಬೇಕು?

1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಒಲಿಂಪಿಕ್ ಮ್ಯಾರಥಾನ್ ನಡೆದಾಗ ಬಿಸಿಲು ಮೂವತ್ತು ಡಿಗ್ರಿ ದಾಟಿತ್ತು. ನೀರು ಕುಡಿದರೆ ಓಟ ಕೆಡುತ್ತದೆ ಎಂದು ಆ ಕಾಲದವರು ನಂಬಿದ್ದರು. ಥಾಮಸ್ ಹಿಕ್ಸ್ ನೀರಿಗಾಗಿ ಅಂಗಲಾಚಿದರೂ ಸಹಾಯಕರು ಬಾಯಿ ಒರೆಸಿದರೇ ಹೊರತು ಕುಡಿಯಲು ಕೊಡಲಿಲ್ಲ. ಕೊಟ್ಟದ್ದು ಸ್ಟ್ರಿಕ್ನಿನ್ ಎಂಬ ವಿಷ, ಮೊಟ್ಟೆಯ ಬಿಳಿ ಮತ್ತು ಬ್ರಾಂದಿ. ಅಷ್ಟಾದರೂ ಚಿನ್ನ ಅವರದೇ ಆಯಿತು. ಓಟ ಶುರುಮಾಡಿದ 32 ಮಂದಿಯಲ್ಲಿ ಮುಗಿಸಿದವರು 14 ಜನ.

ಓಟಗಾರರ ದೇಹದಲ್ಲಿ ನಿಜಕ್ಕೂ ಏನು ಬರಿದಾಗುತ್ತದೆ ಎಂದು ರಕ್ತ ತೆಗೆದು ನೋಡಿದವರು ಬಾಸ್ಟನ್‌ನ ವೈದ್ಯರು. 1924ರ ಬಾಸ್ಟನ್ ಮ್ಯಾರಥಾನ್ ಮುಗಿಸಿ ಬಸವಳಿದು ಬಿದ್ದವರ ರಕ್ತದಲ್ಲಿ ಸಕ್ಕರೆ ತೀರಾ ಇಳಿದಿತ್ತು. ಮರುವರ್ಷ ಅದೇ ವೈದ್ಯರು ಓಟದ ಮುನ್ನ ಪಿಷ್ಟದ ಊಟ ಮಾಡಿಸಿ, ದಾರಿಯಲ್ಲಿ ಮಿಠಾಯಿ ತಿನ್ನಿಸಿದರು. ಸಕ್ಕರೆ ಇಳಿಯಲಿಲ್ಲ, ಓಟಗಾರರೂ ಕುಸಿಯಲಿಲ್ಲ. ಪಾನೀಯದಲ್ಲಿ ಸಕ್ಕರೆ ಏಕೆ ಬೇಕು ಎಂಬುದಕ್ಕೆ ಉತ್ತರ ಅಲ್ಲೇ ಇತ್ತು. ಆದರೂ ಅದು ದಶಕಗಳ ಕಾಲ ಮೂಲೆಗೆ ಬಿತ್ತು.

1965ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಸಹ ತರಬೇತುದಾರರೊಬ್ಬರು ಮೂತ್ರಪಿಂಡ ತಜ್ಞ ರಾಬರ್ಟ್ ಕೇಡ್ ಅವರನ್ನು ಒಂದು ಪ್ರಶ್ನೆ ಕೇಳಿದರು: ಆಟದ ಹೊತ್ತಿನಲ್ಲಿ ನಮ್ಮ ಹುಡುಗರಿಗೆ ಮೂತ್ರವೇ ಬರುವುದಿಲ್ಲವಲ್ಲ, ಯಾಕೆ? ಎಲ್ಲವೂ ಬೆವರಾಗಿ ಹೋಗುತ್ತಿತ್ತು. ಕೇಡ್ ಮತ್ತು ಸಂಗಡಿಗರು ನೀರಿಗೆ ಉಪ್ಪು, ಸಕ್ಕರೆ ಬೆರೆಸಿದರು. ಬಾಯಿಗಿಡಲಾಗದಂತಿದ್ದ ಅದಕ್ಕೆ ನಿಂಬೆರಸ ಹಿಂಡಿ ಎಂದವರು ಕೇಡ್ ಅವರ ಪತ್ನಿ ಮೇರಿ. ಗ್ಯಾಟೊರೇಡ್ ಹುಟ್ಟಿದ್ದು ಹೀಗೆ.

ಉಪ್ಪು-ಸಕ್ಕರೆಯ ಜೋಡಿ ಬರಿಯ ರುಚಿಗಲ್ಲ. ಸಣ್ಣ ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಒಂದೇ ಬಾಗಿಲಿನಿಂದ ಒಟ್ಟಿಗೆ ಒಳಹೋಗುತ್ತವೆ, ನೀರು ಅವುಗಳ ಬೆನ್ನುಹತ್ತುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲನಬಿಸ್ ಕಾಲರಾ ರೋಗಿಗಳನ್ನು ಉಳಿಸಿದ್ದೂ ಇದೇ ಗುಟ್ಟಿನಿಂದ.

ಇಷ್ಟಾದ ಮೇಲೆ ಲೋಲಕ ಇನ್ನೊಂದು ತುದಿಗೆ ಹೋಯಿತು. 1996ರಲ್ಲಿ ಅಮೆರಿಕದ ಕ್ರೀಡಾವೈದ್ಯಕೀಯ ಕಾಲೇಜು, ಹೊಟ್ಟೆ ತಡೆಯುವಷ್ಟು ಕುಡಿಯಿರಿ ಎಂಬರ್ಥದ ಸಲಹೆ ಕೊಟ್ಟಿತು. ದಕ್ಷಿಣ ಆಫ್ರಿಕಾದ ಟಿಮ್ ನೋಕ್ಸ್ 1985ರಲ್ಲೇ ಅತಿಯಾದ ನೀರಿನ ಅಪಾಯದ ಬಗ್ಗೆ ಬರೆದಿದ್ದರು, ಕಿವಿಗೊಟ್ಟವರು ಕಡಿಮೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ 62 ಮಂದಿಗೆ ಸೋಡಿಯಂ ಇಳಿದಿತ್ತು. ಮೂವರಲ್ಲಿ ಪ್ರಾಣಾಪಾಯದ ಮಟ್ಟಕ್ಕೆ. ಸೋಡಿಯಂ ಇಳಿದವರಲ್ಲಿ ಎದ್ದು ಕಂಡ ಲಕ್ಷಣವೆಂದರೆ ಓಡಿದ ಮೇಲೆ ತೂಕ ಹೆಚ್ಚಾಗಿದ್ದದ್ದು. ಕುಡಿದದ್ದು ನೀರೋ ಸ್ಪೋರ್ಟ್ಸ್ ಡ್ರಿಂಕೋ ಎಂಬುದರಿಂದ ವ್ಯತ್ಯಾಸ ಕಾಣಲಿಲ್ಲ.

ಅದು ಹೇಗೆ? ಅರವತ್ತು ಕಿಲೋ ತೂಕದ ಓಟಗಾರ್ತಿಯೊಬ್ಬರು ಐದು ಗಂಟೆಯಲ್ಲಿ ಮ್ಯಾರಥಾನ್ ಮುಗಿಸುತ್ತಾರೆ ಎನ್ನೋಣ. ಮೈಯಲ್ಲಿ ಸುಮಾರು 30 ಲೀಟರ್ ನೀರು, ಸೋಡಿಯಂ ಲೀಟರಿಗೆ 140 ಮಿಲಿಮೋಲ್. ನಿಧಾನದ ಓಟವಾದ್ದರಿಂದ ಬೆವರು ಎರಡೂವರೆ ಲೀಟರ್, ಕುಡಿದದ್ದು ಐದು ಲೀಟರ್. ದೀರ್ಘ ಓಟದಲ್ಲಿ ನೀರು ಹಿಡಿದಿಡುವ ಹಾರ್ಮೋನ್ ಏರಿರುವುದರಿಂದ ಹೆಚ್ಚಿನದು ಮೂತ್ರವಾಗಿ ಹೋಗುವುದಿಲ್ಲ. ಬೆವರಿನಲ್ಲಿ ಹೋದ ಉಪ್ಪನ್ನೂ ಲೆಕ್ಕ ಹಿಡಿದರೆ, ಬರಿ ನೀರು ಕುಡಿದವರ ಸೋಡಿಯಂ ಸ್ಥೂಲವಾಗಿ 126ಕ್ಕೆ ಇಳಿಯುತ್ತದೆ. ಸ್ಪೋರ್ಟ್ಸ್ ಡ್ರಿಂಕ್ ಆದರೆ 129. 135ಕ್ಕಿಂತ ಕೆಳಗಿದ್ದರೆ ಅದು ಕೊರತೆಯೇ. ರಕ್ತದ ಉಪ್ಪಿನ ಏಳನೇ ಒಂದು ಭಾಗವಷ್ಟೇ ಇರುವ ಪಾನೀಯ ರಕ್ತವನ್ನು ತೆಳುವಾಗಿಸದೆ ಇನ್ನೇನು ಮಾಡೀತು! ತಲೆನೋವು, ವಾಕರಿಕೆ, ಉಂಗುರ ಬಿಗಿಯಾಗುವಷ್ಟು ಊದಿದ ಬೆರಳು, ಮಾತಿನಲ್ಲಿ ಗೊಂದಲ ಕಂಡವರಿಗೆ ಮತ್ತೆ ನೀರು ಕುಡಿಸಿದರೆ ಮಿದುಳು ಇನ್ನಷ್ಟು ಊದಿಕೊಳ್ಳುತ್ತದೆ.

ಹಾಗಾದರೆ ಉಪ್ಪು ಬೇಡವೇ? ಬೇಕು, ಹಲವು ಗಂಟೆ ಬಿಸಿಲಲ್ಲಿ ಓಡುವವರಿಗೆ, ಬನಿಯನ್ ಮೇಲೆ ಬಿಳಿ ಉಪ್ಪಿನ ಗೆರೆ ಮೂಡುವವರಿಗೆ. ಓಟ ಮುಗಿದ ಮೇಲೆ ಕುಡಿದ ನೀರು ಮೈಯಲ್ಲಿ ನಿಲ್ಲಲೂ ಅದು ನೆರವು. ಆದರೆ ಓಟದ ವೇಗಕ್ಕೆ ನೆರವಾಗುವುದು ಹೆಚ್ಚಾಗಿ ಸಕ್ಕರೆಯೇ. ಒಂದು ಗಂಟೆ ದಾಟಿದರೆ ಗಂಟೆಗೆ 30ರಿಂದ 60 ಗ್ರಾಂ ಸಾಕು. ಎರಡೂವರೆ ಗಂಟೆ ಮೀರಿದರೆ 90ರವರೆಗೂ ಹೋಗಬಹುದು. ಕರುಳಿನ ಗ್ಲೂಕೋಸ್ ಬಾಗಿಲು ಗಂಟೆಗೆ ಸುಮಾರು 60 ಗ್ರಾಂಗೆ ತುಂಬಿಹೋಗುತ್ತದೆ. ಫ್ರಕ್ಟೋಸ್‌ಗೆ ಬೇರೆ ಬಾಗಿಲಿರುವುದರಿಂದ ಎರಡನ್ನೂ ಬೆರೆಸಿದ ಪಾನೀಯವೇ ಆಗ ಬೇಕು. ಅಭ್ಯಾಸವಿಲ್ಲದೆ ಕುಡಿದರೆ ಹೊಟ್ಟೆ ತೊಳಸುತ್ತದೆ, ಆದ್ದರಿಂದ ತಾಲೀಮಿನಲ್ಲೇ ರೂಢಿ ಮಾಡಿಕೊಳ್ಳಬೇಕು.

ಬೆಂಗಳೂರಿನ ಹತ್ತು ಕಿಲೋಮೀಟರ್ ಓಟಕ್ಕೆ ಹೋಗುವವರಿಗೆ ಬಾಯಾರಿದಾಗ ನೀರು ಸಾಕು. ಮ್ಯಾರಥಾನ್‌ಗೆ ಸಿದ್ಧರಾಗುವವರು ಮಾತ್ರ ಉದ್ದದ ತಾಲೀಮಿನ ದಿನ ಓಟದ ಮೊದಲು, ಆಮೇಲೆ ತೂಕ ನೋಡಿಕೊಳ್ಳಲಿ. ಮುಳ್ಳು ಮೇಲೇರಿದ್ದರೆ ಮುಂದಿನ ಸಲ ಕಡಿಮೆ ಕುಡಿಯಲಿ, ಬಾಟಲಿಯಲ್ಲಿ ಏನೇ ಇದ್ದರೂ.