ತಪ್ಪಿಗೆ ಬೆಲೆ ಕಟ್ಟುವ ಲೆಕ್ಕ



ಪದವಿ ತರಗತಿಯಲ್ಲಿ ಸರಳ ಲೋಲಕದ ಪ್ರಯೋಗ ಮಾಡಿದವರಿಗೆ ಒಂದು ಅನುಭವ ಇದ್ದೇ ಇರುತ್ತದೆ. ಕೊನೆಯಲ್ಲಿ ಬಂದ ಉತ್ತರ ಪುಸ್ತಕದ ಉತ್ತರಕ್ಕೆ ಹೊಂದುವುದಿಲ್ಲ. ನಮ್ಮ ಪ್ರಯೋಗಾಲಯದ ಮೇಷ್ಟ್ರು ಆಗ ಬೈಯುತ್ತಿರಲಿಲ್ಲ. "ತಪ್ಪಾಗಿದೆ ಅನ್ನೋದು ನನಗೂ ಕಾಣ್ತಿದೆ. ದಾರ ಅಳೆಯೋದರಲ್ಲಿ ಎಷ್ಟು ತಪ್ಪಿತು, ಗಡಿಯಾರ ಒತ್ತೋದರಲ್ಲಿ ಎಷ್ಟು ತಪ್ಪಿತು, ಅದನ್ನು ಹೇಳು" ಎನ್ನುತ್ತಿದ್ದರು. ಅಂದು ನನ್ನ ಪಕ್ಕದ ಮೇಜಿನಲ್ಲಿ ನಿಂತು ಈ ಮಾತು ಕೇಳಿಸಿಕೊಂಡ ಗೆಳೆಯನೊಬ್ಬ ಈಗ ಷೇರುಗಳ ಅಲ್ಪಾವಧಿ ವಹಿವಾಟು ಮಾಡುತ್ತಾನೆ. ಈ ಮಾತುಕತೆಗೆ ಆಧಾರ ಅವನ ವಹಿವಾಟಿನ ಪುಸ್ತಕ. ಅವನ ಒಪ್ಪಿಗೆ ಪಡೆದು, ಅಂಕಿಗಳನ್ನು ದುಂಡಗೆ ಮಾಡಿ ನಿಮ್ಮ ಮುಂದಿಡುತ್ತಿದ್ದೇನೆ.

ನೀವೂ ವಹಿವಾಟಿಗೆ ಇಳಿಯಿರಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. ನಮ್ಮ ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಷೇರುಗಳನ್ನು ಅದೇ ದಿನ ಕೊಂಡು ಅದೇ ದಿನ ಮಾರುವ ವ್ಯಕ್ತಿಗಳಲ್ಲಿ ಹತ್ತಕ್ಕೆ ಏಳು ಮಂದಿ 2022-23ರಲ್ಲಿ ನಷ್ಟ ಅನುಭವಿಸಿದ್ದರು. ನನ್ನ ಗೆಳೆಯನೂ ನಷ್ಟದಲ್ಲೇ ಇದ್ದ. ಮೂರು ತಿಂಗಳಲ್ಲಿ 40 ವಹಿವಾಟು ಮಾಡಿ 6,300 ರೂಪಾಯಿ ಕಳೆದುಕೊಂಡಿದ್ದ. ಆ ಹಣ ಯಾವ ತೂತಿನಿಂದ ಸೋರಿತು ಎಂಬುದೇ ನಮ್ಮ ಪ್ರಶ್ನೆ.

ಮೊದಲು ಅವನ ಪದ್ಧತಿ ತಿಳಿಯೋಣ. ಹಿಂದಿನ ರಾತ್ರಿಯೇ ಅವನು ಯೋಜನೆ ಬರೆದಿಡುತ್ತಾನೆ. ಒಂದು ಷೇರಿನ ಬೆಲೆ 500 ರೂಪಾಯಿ ದಾಟಿದರೆ ಮಾತ್ರ ಕೊಳ್ಳುವುದು. ಎಣಿಕೆ ತಪ್ಪಿ ಬೆಲೆ 490ಕ್ಕೆ ಇಳಿದರೆ ಮಾರಿ ಹೊರಬರುವುದು. 520ಕ್ಕೆ ಏರಿದರೆ ಲಾಭ ತೆಗೆದುಕೊಳ್ಳುವುದು. ಹೊರಬರಲು ಗೊತ್ತುಪಡಿಸಿದ ಆ 490ರ ಬೆಲೆಗೆ ಪೇಟೆಯವರು ಸ್ಟಾಪ್ ಲಾಸ್, ಚಿಕ್ಕದಾಗಿ ಸ್ಟಾಪ್ ಎನ್ನುತ್ತಾರೆ. ಒಂದು ವಹಿವಾಟಿನಲ್ಲಿ 1,000 ರೂಪಾಯಿಗಿಂತ ಹೆಚ್ಚು ಕಳೆದುಕೊಳ್ಳಬಾರದು ಎಂಬುದು ಅವನ ನಿಯಮ. ಷೇರೊಂದಕ್ಕೆ ಹತ್ತು ರೂಪಾಯಿ ಅಪಾಯವಿದ್ದರೆ ಸಾವಿರವನ್ನು ಹತ್ತರಿಂದ ಭಾಗಿಸಿ 100 ಷೇರು. ಐದು ರೂಪಾಯಿ ಅಪಾಯವಿದ್ದರೆ 200 ಷೇರು. ಎಷ್ಟು ಷೇರು ಎಂಬುದು ಹೀಗೆ ತಾನಾಗಿಯೇ ನಿರ್ಧಾರವಾಗುತ್ತದೆ.

ಪುಸ್ತಕದ ಎಡಪುಟದಲ್ಲಿ ಈ ಯೋಜನೆ, ಬಲಪುಟದಲ್ಲಿ ನಿಜವಾಗಿ ಮಾಡಿದ್ದು, ಅಂಚಿನಲ್ಲಿ ಲಾಭನಷ್ಟ. ಸಂಜೆ ಅವನು ಲಾಭನಷ್ಟದ ಅಂಕಣವನ್ನು ಅಂಗೈಯಿಂದ ಮುಚ್ಚಿ ಎಡ ಬಲ ಹೋಲಿಸುತ್ತಾನೆ. ಎರಡೂ ಒಂದೇ ಆಗಿದ್ದರೆ ಗುರುತು ಇಲ್ಲ, ನಷ್ಟವಾಗಿದ್ದರೂ ಇಲ್ಲ. ಯೋಜನೆಯಂತೆ ನಡೆದು ಬಂದ ನಷ್ಟ ಅಂಗಡಿಯ ಬಾಡಿಗೆಯಂಥದು. ಅದನ್ನು ಯಾರೂ ತಪ್ಪು ಎನ್ನುವುದಿಲ್ಲ. ವ್ಯತ್ಯಾಸವಿದ್ದರೆ ಮಾತ್ರ ಗುರುತು, ಲಾಭ ಬಂದಿದ್ದರೂ ಗುರುತು. ಬೆಲೆ 500 ದಾಟುವ ಮೊದಲೇ ಕೊಂಡಿದ್ದರೆ 'ಅವಸರ'. ಸ್ಟಾಪನ್ನು ಕೆಳಕ್ಕೆ ಜರುಗಿಸಿದ್ದರೆ 'ಸರಿಕೆ'. ಲೆಕ್ಕಕ್ಕಿಂತ ಹೆಚ್ಚು ಷೇರು ಕೊಂಡಿದ್ದರೆ 'ಅತಿಗಾತ್ರ'. ಅಂಗೈ ಮುಚ್ಚುವುದು ನೋಡಲು ತಮಾಷೆ. ಆದರೆ ಅದಿಲ್ಲದೆ ಹೋದರೆ ನಷ್ಟವಾದ ದಿನವೆಲ್ಲ ತಪ್ಪು ಕಾಣುತ್ತದೆ, ಲಾಭದ ದಿನ ಒಂದೂ ಕಾಣುವುದಿಲ್ಲ.

ಇನ್ನು ಬೆಲೆ ಕಟ್ಟುವುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಗುರುತು ಬಿದ್ದ ವಹಿವಾಟುಗಳ ನಷ್ಟವನ್ನೆಲ್ಲ ಕೂಡಿಸಿ, ಇದೇ ತಪ್ಪಿನ ಬೆಲೆ ಎಂದುಬಿಡುತ್ತಾರೆ. ಅದು ಸರಿಯಲ್ಲ. ಯೋಜನೆಯಂತೆ ನಡೆದಿದ್ದರೆ ಏನಾಗುತ್ತಿತ್ತೋ ಅದಕ್ಕೂ ನಿಜವಾಗಿ ಆದದ್ದಕ್ಕೂ ಇರುವ ಅಂತರವಷ್ಟೇ ತಪ್ಪಿನ ಬೆಲೆ.

ಮೊದಲು ಅವಸರವನ್ನು ನೋಡಿ. ಮೇಲಿನ ಷೇರನ್ನು ಅವನು 494ಕ್ಕೇ ಕೊಂಡ. ಹತ್ತು ರೂಪಾಯಿ ಅಂತರ ಇರಲೆಂದು ಸ್ಟಾಪನ್ನು 484ಕ್ಕೆ ಇಟ್ಟ. ಬೆಲೆ 498ರವರೆಗೆ ಹೋಗಿ ಹಿಂತಿರುಗಿತು, 484ಕ್ಕೆ ಮಾರಿದ, 1,000 ರೂಪಾಯಿ ಹೋಯಿತು. ಯೋಜನೆಯಂತೆ ನಡೆದಿದ್ದರೆ? ಬೆಲೆ 500 ದಾಟಲೇ ಇಲ್ಲ, ಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಆದ್ದರಿಂದ ಬೆಲೆ ಪೂರ್ತಿ 1,000. ಇನ್ನೊಂದು ವಾರ ಅಂಥದೇ ಷೇರೊಂದು 500 ದಾಟಿ 520 ಮುಟ್ಟಿತು. 494ಕ್ಕೆ ಕೊಂಡಿದ್ದರಿಂದ 2,600 ಬಂತು. ಯೋಜನೆಯಲ್ಲಿ ಬರಬೇಕಾದದ್ದು 2,000. ಇಲ್ಲಿ ತಪ್ಪೇ 600 ರೂಪಾಯಿ ಕೊಟ್ಟಿತು. ಅದನ್ನು ಮೈನಸ್ 600 ಎಂದು ಬರೆಯಬೇಕು. ಈ ಮೈನಸ್ ಚಿಹ್ನೆಯನ್ನು ನಾಚಿಕೆಯಿಂದಲೋ ಹೆಮ್ಮೆಯಿಂದಲೋ ಬಿಟ್ಟರೆ ಮೊತ್ತ ಸುಳ್ಳಾಗುತ್ತದೆ.

ಸರಿಕೆಯ ಸಂಗತಿ ಸುಲಭ. 300ಕ್ಕೆ ಕೊಂಡ 200 ಷೇರು, ಸ್ಟಾಪ್ 295. ಬೆಲೆ ಅಲ್ಲಿಗೆ ಬಂದಾಗ, "ಇನ್ನೇನು ಏರುತ್ತದೆ" ಎಂದು ಸ್ಟಾಪನ್ನು 290ಕ್ಕೆ, ಅನಂತರ 285ಕ್ಕೆ ಇಳಿಸಿದ. ಕಡೆಗೆ 284ಕ್ಕೆ ಮಾರಾಟ. ನಷ್ಟ 3,200, ಅದರಲ್ಲಿ 1,000 ಯೋಜನೆಯದು, 2,200 ಸರಿಕೆಯದು. ಅತಿಗಾತ್ರವೂ ಹೀಗೆಯೇ. ಸತತ ಎರಡು ನಷ್ಟದ ಮಾರನೆಯ ದಿನ 100ರ ಬದಲು 300 ಷೇರು ಕೊಂಡು, ಷೇರಿಗೆ ಹತ್ತು ರೂಪಾಯಿ ಕಳೆದುಕೊಂಡ. 3,000ದಲ್ಲಿ 2,000 ತಪ್ಪಿನ ಪಾಲು.

ಒಂದೇ ವಹಿವಾಟಿನಲ್ಲಿ ಎರಡು ತಪ್ಪು ಸೇರಿದರೆ ಏನು ಮಾಡುವುದು? ಅಂಥದು ಅವನ ಪುಸ್ತಕದಲ್ಲಿ ಒಂದಿತ್ತು. ಯೋಜನೆ: 250ಕ್ಕೆ ಕೊಳ್ಳುವುದು, ಸ್ಟಾಪ್ 245, ಷೇರು 200. ಮಾಡಿದ್ದು: 400 ಷೇರು, ಸ್ಟಾಪ್ ಜರುಗಿಸಿ 238ಕ್ಕೆ ಮಾರಾಟ. ನಷ್ಟ 4,800. ಯೋಜನೆಯ ನಷ್ಟ 1,000 ಕಳೆದರೆ ತಪ್ಪಿನ ಪಾಲು 3,800. ಅದು ಸರಿಕೆಯದೋ ಅತಿಗಾತ್ರದ್ದೋ?

ಒಂದು ಆಯತ ಬರೆಯಿರಿ. ಅಗಲ 200, ಅದು ಷೇರುಗಳ ಸಂಖ್ಯೆ. ಎತ್ತರ 5, ಅದು ಷೇರೊಂದರ ನಷ್ಟ. ಕ್ಷೇತ್ರಫಲ 1,000, ಇದು ಯೋಜನೆಯ ನಷ್ಟ. ಈಗ ಅಗಲವನ್ನು ಇನ್ನೂ 200 ಹೆಚ್ಚಿಸಿ. ಪಕ್ಕದಲ್ಲಿ 200ರಿಂದ 5 ಗುಣಿಸಿದ ಒಂದು ಪಟ್ಟಿ ಸೇರುತ್ತದೆ, 1,000. ಇದು ಶುದ್ಧ ಅತಿಗಾತ್ರ. ಎತ್ತರವನ್ನು 7 ಹೆಚ್ಚಿಸಿ. ಮೂಲ ಆಯತದ ಮೇಲೆ 200ರಿಂದ 7 ಗುಣಿಸಿದ ಪಟ್ಟಿ, 1,400. ಇದು ಶುದ್ಧ ಸರಿಕೆ. ಆದರೆ ಮೂಲೆಯಲ್ಲಿ ಇನ್ನೊಂದು ತುಂಡು ಉಳಿಯಿತು. ಅದೂ 1,400. ಎರಡು ತಪ್ಪುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಈ ತುಂಡು ಹುಟ್ಟುತ್ತಿರಲಿಲ್ಲ. ಗೆಳೆಯ ಮೊದಲು ಇದನ್ನು ಸರಿಕೆಗೂ ಬರೆದ, ಅತಿಗಾತ್ರಕ್ಕೂ ಬರೆದ. ಹಾಗಾಗಿ ತಪ್ಪುಗಳ ಒಟ್ಟು ಬೆಲೆ 5,200 ಎಂದು ಬಂತು, ಅಂದರೆ ಆದ ನಷ್ಟಕ್ಕಿಂತಲೂ ಹೆಚ್ಚು! ಲೆಕ್ಕ ತಾಳೆಯಾಗದಿದ್ದುದೇ ಅವನನ್ನು ಎಚ್ಚರಿಸಿತು. ಈಗ ಮೂಲೆಯ ತುಂಡಿಗೆ 'ಜಂಟಿ' ಎಂಬ ಪ್ರತ್ಯೇಕ ಖಾತೆ ಇಟ್ಟಿದ್ದಾನೆ.

ನಲವತ್ತು ವಹಿವಾಟುಗಳಲ್ಲಿ 22ಕ್ಕೆ ಗುರುತೇ ಇರಲಿಲ್ಲ. ಉಳಿದವುಗಳಲ್ಲಿ ಅವಸರ 11 ಸಲ, ಸರಿಕೆ 4 ಸಲ, ಅತಿಗಾತ್ರ 4 ಸಲ. ಒಂದರಲ್ಲಿ ಕೊನೆಯ ಎರಡೂ ಇದ್ದವು. ಲೆಕ್ಕ ಹಾಕುವ ಮೊದಲು ಅವನು ಬೈದುಕೊಳ್ಳುತ್ತಿದ್ದದ್ದು ತನ್ನ ಅವಸರವನ್ನು. ಆದರೆ ಹನ್ನೊಂದು ಅವಸರಗಳಲ್ಲಿ ನಾಲ್ಕು ಸಲ 4,000 ಹೋಗಿತ್ತು, ಏಳು ಸಲ ಅಗ್ಗಕ್ಕೆ ಸಿಕ್ಕು 2,900 ಮರಳಿ ಬಂದಿತ್ತು. ನಿವ್ವಳ ಬೆಲೆ ಬರೀ 1,100. ನಾಲ್ಕೇ ನಾಲ್ಕು ಸರಿಕೆಗಳ ಬೆಲೆ 4,500. ಅತಿಗಾತ್ರದ್ದು 3,100, ಜಂಟಿ 1,400. ಎಲ್ಲ ಸೇರಿ 10,100. ಅವನ 6,300ರ ನಷ್ಟಕ್ಕೆ ಇದನ್ನು ಎದುರಿಟ್ಟರೆ, ಯೋಜನೆಯಂತೆ ನಡೆದಿದ್ದಲ್ಲಿ 3,800 ಲಾಭ ಇರುತ್ತಿತ್ತು.

ಸರಿಕೆಯ ಆ ನಾಲ್ಕರಲ್ಲಿ ಒಂದು ಬೇರೆ ಜಾತಿಯದು. ಸ್ಟಾಪ್ ಜರುಗಿಸಿದ ಮೇಲೆ ಬೆಲೆ ನಿಜಕ್ಕೂ ಮೇಲೆದ್ದಿತ್ತು. ಯೋಜನೆಯಲ್ಲಿ 1,000 ಹೋಗಬೇಕಿದ್ದ ಕಡೆ 800 ಲಾಭ ಬಂತು. ಅಂದರೆ ಮೈನಸ್ 1,800. ಮೇಲಿನ ಮೊತ್ತದಲ್ಲಿ ಅದೂ ಸೇರಿದೆ. ನನ್ನ ಗೆಳೆಯನಿಗೆ ಎಲ್ಲಕ್ಕಿಂತ ಚೆನ್ನಾಗಿ ನೆನಪಿದ್ದ ಸರಿಕೆ ಅದೊಂದೇ! ನಷ್ಟದ ಷೇರನ್ನು ಹಿಡಿದುಕೊಂಡೇ ಇದ್ದು ಲಾಭದ್ದನ್ನು ಬೇಗ ಮಾರುವ ಈ ಸ್ವಭಾವವನ್ನು ಶೆಫ್ರಿನ್ ಮತ್ತು ಸ್ಟಾಟ್‌ಮನ್ ಎಂಬ ಅಮೆರಿಕದ ವಿದ್ವಾಂಸರು 1985ರಲ್ಲೇ ವಿವರಿಸಿದ್ದಾರೆ.

ಈ ಲೆಕ್ಕದ ಮಿತಿಗಳನ್ನೂ ಹೇಳಬೇಕು. 'ಯೋಜನೆಯಂತೆ ನಡೆದಿದ್ದರೆ' ಎಂಬುದು ನಡೆಯದ ಸಂಗತಿ. ಅಲ್ಲಿ ನಮ್ಮ ಊಹೆ ಸೇರುತ್ತದೆ. ಸ್ಟಾಪ್ 295 ಎಂದಿಟ್ಟುಕೊಳ್ಳಿ. ಹಿಂದಿನ ಸಂಜೆ 298ರಲ್ಲಿದ್ದ ಷೇರು ಬೆಳಿಗ್ಗೆ ಪೇಟೆ ತೆರೆಯುತ್ತಲೇ 287ಕ್ಕೆ ಬಿದ್ದರೆ 295ಕ್ಕೆ ಕೊಳ್ಳುವವರು ಯಾರೂ ಇರುವುದಿಲ್ಲ. ಯೋಜನೆಯ ಬೆಲೆಯನ್ನು ಆಗ 287 ಎಂದೇ ಹಿಡಿಯಬೇಕು. ಇಲ್ಲವಾದರೆ ಪೇಟೆಯ ಹೊಡೆತವೂ ಸರಿಕೆಯ ಖಾತೆಗೆ ಬೀಳುತ್ತದೆ. ಇನ್ನೊಂದು ಮಿತಿ ಸಂಖ್ಯೆಯದು. ಹನ್ನೊಂದು ಸಲ ಆದ ತಪ್ಪಿನ ಸರಾಸರಿಯನ್ನು ಸ್ವಲ್ಪ ನಂಬಬಹುದು, ನಾಲ್ಕು ಸಲದ್ದನ್ನು ಅಷ್ಟು ನಂಬಲಾಗದು. ಆ ಮೈನಸ್ 1,800ರಂಥದು ಇನ್ನೆರಡು ಬಂದಿದ್ದರೆ ಸರಿಕೆಯ ಬೆಲೆ 900ಕ್ಕೆ ಇಳಿದುಬಿಡುತ್ತಿತ್ತು. 3,800ರ ಲಾಭವೂ ಅಷ್ಟೆ. 40 ವಹಿವಾಟುಗಳಲ್ಲಿ ಅಷ್ಟು ಅದೃಷ್ಟದಿಂದಲೇ ಬರಬಹುದು. ಪದ್ಧತಿ ಒಳ್ಳೆಯದು ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಗೆಳೆಯ ಎರಡು ಬದಲಾವಣೆ ಮಾಡಿಕೊಂಡ. ಷೇರು ಕೊಂಡ ಕೂಡಲೇ ಸ್ಟಾಪಿನ ಮಾರಾಟದ ಆದೇಶವನ್ನು ವಿನಿಮಯ ಕೇಂದ್ರಕ್ಕೇ ಕಳುಹಿಸಿ, ಪರದೆ ಆರಿಸಿ ಎದ್ದುಹೋಗುತ್ತಾನೆ. ಷೇರುಗಳ ಸಂಖ್ಯೆಯನ್ನು ರಾತ್ರಿಯೇ ಭಾಗಿಸಿ ಬರೆದಿಡುತ್ತಾನೆ, ಬೆಳಿಗ್ಗೆ ಅದನ್ನು ಮುಟ್ಟುವುದಿಲ್ಲ. ಮುಂದಿನ ಎರಡು ತಿಂಗಳಲ್ಲಿ ಸರಿಕೆ ಒಂದೇ ಸಲ ಬಂತು, ಬೆಲೆ 700 ರೂಪಾಯಿ. ಅವಸರ ಮಾತ್ರ ಹಾಗೆಯೇ ಇದೆ, ವಾರಕ್ಕೆ ಒಂದಾದರೂ ಗುರುತು ಬೀಳುತ್ತದೆ. ಕೇಳಿದರೆ, "ಅದಕ್ಕೆ ಸದ್ಯ ಕೈಹಾಕಲ್ಲ, ಅದರ ಬಿಲ್ಲು ಸಣ್ಣದು" ಎನ್ನುತ್ತಾನೆ.